ಅಮ್ಮನ ಫೋನಿಗೆ ಮೂರು ಬಟನ್ನೋ, ಸ್ವೈಪೋ?

ಕೇಳಿದವರು: ಅಮ್ಮನಿಗೆ 71 ವರ್ಷ, ಬಲಗೈ ಸ್ವಲ್ಪ ನಡುಗುತ್ತದೆ. ಹೊಸ ಆಂಡ್ರಾಯ್ಡ್ ಫೋನಿನಲ್ಲಿ ಕೆಳಗಿನ ಮೂರು ಬಟನ್ ಇಲ್ಲ, ಎಲ್ಲಾ ಸ್ವೈಪ್. ಫೋಟೋ ನೋಡ್ತಾ ಇದ್ದರೆ ತಾನಾಗೇ ಹೊರಗೆ ಬರುತ್ತದೆ ಅಂತಾರೆ. ಬಟನ್ ವಾಪಸ್ ಹಾಕಲಾ, ಸ್ವೈಪ್ ಕಲಿಸಲಾ? ನಾನು ಒಂದೇ ಕೈಯಲ್ಲಿ ಬಳಸುವವನು, ನನಗೆ ಯಾವುದು ಸರಿ?

ಸ್ವೈಪ್ ಪ್ರಿಯ: ಸ್ವೈಪ್ ಇರಲಿ ಬಿಡಿ. ಅಂಚಿನ ಸೆನ್ಸಿಟಿವಿಟಿ ಕಡಿಮೆ ಮಾಡಿ, ತಾನಾಗೇ ಹೊರಗೆ ಬರುವುದು ನಿಲ್ಲುತ್ತದೆ. ವಾರದಲ್ಲಿ ಅಭ್ಯಾಸ ಆಗುತ್ತದೆ. ನಮಗೆಲ್ಲ ಆಗಲಿಲ್ವಾ?

ಅಪ್ಪನ ಫೋನ್ ನೋಡಿಕೊಳ್ಳುವವಳು: ಅರ್ಧ ಸರಿ. ಸೆನ್ಸಿಟಿವಿಟಿ ಕಡಿಮೆ ಮಾಡಿದರೆ ಅಂಚಿನ ಪಟ್ಟಿ ಕಿರಿದಾಗುತ್ತದೆ. ಹಾಗಾಗಿ ತಪ್ಪಿ ಹಿಂದೆ ಹೋಗುವುದು ಕಡಿಮೆ ಆಗುತ್ತದೆ, ನಿಜ. ಆದರೆ ಬೇಕು ಅಂತ ಹಿಂದೆ ಹೋಗುವಾಗ ಬೆರಳು ತೀರಾ ಅಂಚಿನಿಂದಲೇ ಶುರುವಾಗಬೇಕು. ನಡುಗುವ ಕೈಗೆ ಅದು ಇನ್ನೂ ಕಷ್ಟ. ಅದರ ಮೇಲೆ ಏರು ಅಂಚಿನ ದಪ್ಪ ಕವರ್ ಇದ್ದರೆ ಬೆರಳು ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೊದಲು ಅಮ್ಮ ಫೋನ್ ಹಿಡಿಯುವುದನ್ನು ಗಮನಿಸಿ. ನಮ್ಮಪ್ಪ ಎಡಗೈಯಲ್ಲಿ ಫೋನ್ ಹಿಡಿದು ಬಲಗೈ ತೋರುಬೆರಳಿನಿಂದ ಒತ್ತುತ್ತಾರೆ. ಮುಂದಿನ ಫೋಟೋಗೆ ಸರಿಸಲು ಬೆರಳನ್ನು ಬಲ ಅಂಚಿನಿಂದಲೇ ಎಳೆಯುತ್ತಿದ್ದರು. ಫೋನಿಗೆ ಅದು ‘ಹಿಂದೆ ಹೋಗು’ ಅಂತ. ಅಂಚಿನಲ್ಲಿ ಸಣ್ಣ ಬಾಣ ಮೂಡಿದ ಮೇಲೆ ಹೊರಗೆ ಬಂತು ಅಂದರೆ ಕಾರಣ ಇದೇ. ಬಾಣ ಕಂಡ ಕೂಡಲೇ ಬೆರಳು ಎತ್ತದೆ ಅಂಚಿಗೆ ವಾಪಸ್ ಒಯ್ದರೆ ರದ್ದಾಗುತ್ತದೆ, ಆದರೆ ಅಪ್ಪನ ಕೈಗೆ ಆ ಚುರುಕು ಎಲ್ಲಿಂದ?

ಎರಡನೇ ತೊಂದರೆ, ಮೇಲಕ್ಕೆ ಎಳೆದರೆ ಹೋಮ್, ಎಳೆದು ತಡೆದರೆ ತೆರೆದಿರುವ ಆ್ಯಪ್‌ಗಳ ಸಾಲು. ವ್ಯತ್ಯಾಸ ಇರುವುದು ಆ ಒಂದು ಕ್ಷಣದ ತಡೆಯಲ್ಲಿ ಮಾತ್ರ. ನಡುಗುವ ಕೈ ಅಲ್ಲೇ ಎಡವುತ್ತದೆ. ಬಟನ್ನಿನಲ್ಲಿ ಈ ಗೊಂದಲ ಇಲ್ಲ, ಬೆರಳು ಬೀಳಬೇಕಾದ ಜಾಗ ಕಣ್ಣಿಗೂ ಕಾಣುತ್ತದೆ.

ಸ್ಯಾಮ್‌ಸಂಗ್ ಆದರೆ Settings > Display > Navigation bar, ಅಲ್ಲಿ Buttons. ಬೇರೆ ಫೋನಿನಲ್ಲಿ Settings ತೆರೆದು navigation ಅಂತ ಹುಡುಕಿ. ಯಾವಾಗ ಬೇಕಾದರೂ ಹಿಂದಕ್ಕೆ ಬದಲಿಸಬಹುದು. ಒಂದು ಮಾತು, ವಯಸ್ಸಾದವರು ಬಟನ್ ಮೇಲೆ ಬೆರಳು ಇಟ್ಟೇ ಇರುತ್ತಾರೆ. ಹೋಮ್ ಬಟನ್ ಒತ್ತಿ ಹಿಡಿದರೆ ಅಸಿಸ್ಟೆಂಟೋ ಇನ್ನೇನೋ ಎದ್ದು ನಿಲ್ಲುತ್ತದೆ. ಆ ಸೌಲಭ್ಯ ಆಫ್ ಮಾಡುವ ಸ್ವಿಚ್ ಹಲವು ಫೋನ್‌ಗಳಲ್ಲಿ ಇದೇ ಪುಟದಲ್ಲಿ ಸಿಗುತ್ತದೆ.

ಎಡಚ: ನನ್ನ ಕಥೆ ಉಲ್ಟಾ. ಬಲ ಮಣಿಕಟ್ಟು ಮುರಿದು ಆರು ವಾರ ಎಡಗೈ ಒಂದರಲ್ಲೇ ಫೋನ್. ಬಟನ್ ಇದ್ದಾಗ ಪ್ರತಿ ಸಲ ಹೆಬ್ಬೆರಳು ಕೆಳಗಿನ ತುದಿಗೆ ಬಗ್ಗಬೇಕು, ಫೋನ್ ಮೇಲ್ಭಾರವಾಗಿ ಬೀಳುವ ಹಾಗಾಗುತ್ತಿತ್ತು. ಅದರಲ್ಲೂ ನನ್ನ ಫೋನಿನಲ್ಲಿ ಹಿಂದಿನ ಬಟನ್ ಇದ್ದದ್ದು ಬಲತುದಿಗೆ. ಸ್ವೈಪ್ ಹಾಕಿಕೊಂಡೆ. ಹೆಬ್ಬೆರಳು ಎಲ್ಲಿದೆಯೋ ಅಲ್ಲಿಂದಲೇ ಎಡ ಅಂಚಿನಲ್ಲಿ ಎಳೆದರೆ ಹಿಂದೆ. ಹಿಡಿತ ಬದಲಿಸಬೇಕಿಲ್ಲ. ಬಲಗೈಯವರಿಗೆ ಬಲ ಅಂಚು, ಅಷ್ಟೇ. ನಿಮಗಂತೂ ಸ್ವೈಪೇ.

ಸ್ಯಾಮ್‌ಸಂಗ್ ಬಳಸುವವರು: ಬಟನ್ ಬಿಡಲು ಮನಸ್ಸಿಲ್ಲದಿದ್ದರೆ Button order ನೋಡಿ. ಹಿಂದಿನ ಬಟನ್ನನ್ನು ಹೆಬ್ಬೆರಳಿನ ಕಡೆಗೇ ತಂದುಕೊಳ್ಳಬಹುದು. ಎಲ್ಲಾ ಕಂಪನಿಯ ಫೋನಿನಲ್ಲೂ ಇದು ಇಲ್ಲ.

ವಿಡಿಯೋ ಮಾವ: ನನ್ನದರಲ್ಲಿ ಬಟನ್ ಇದೆ, ಆದರೂ ವಿಡಿಯೋ ಹಾಕಿದರೆ ಮಾಯ! ಇದೂ ಸ್ವೈಪ್ ಕಾಟವೇ ಅಲ್ವಾ?

ಅಪ್ಪನ ಫೋನ್ ನೋಡಿಕೊಳ್ಳುವವಳು: ಮಾವ, ಅದು ಬೇರೆ. ಪೂರ್ತಿ ಪರದೆಯ ವಿಡಿಯೋದಲ್ಲಿ ಬಟನ್ ಅಡಗುತ್ತವೆ. ಅಂಚಿನಿಂದ ಒಮ್ಮೆ ಒಳಕ್ಕೆ ಎಳೆದರೆ ಬರುತ್ತವೆ, ಆಮೇಲೆ ಒತ್ತಿ. ಕೇಳಿದವರೇ, ಅಮ್ಮನಿಗೂ ಇದನ್ನು ಮೊದಲೇ ತೋರಿಸಿಡಿ, ಇಲ್ಲಾಂದ್ರೆ ಫೋನ್ ಕೆಟ್ಟಿತು ಅಂತ ಕರೆ ಬರುತ್ತದೆ.

ಸ್ವೈಪ್ ಪ್ರಿಯ: ಒಪ್ಪಿದೆ, ಕೈ ನಡುಗಿದರೆ ಬಟನ್. ಆದರೆ ಕೈ ಗಟ್ಟಿ ಇರುವ ನಮ್ಮಜ್ಜಿಗೆ ಸಣ್ಣ ಬಟನ್‌ಗಳೇ ಕಾಣುವುದಿಲ್ಲ, ಸ್ವೈಪ್ ಇಷ್ಟ. ವಯಸ್ಸು ನೋಡಿ ಹೇಳೋಕಾಗಲ್ಲ.

ಕೇಳಿದವರು: ಎರಡೂ ಹಾಕಿ ನೋಡಿದೆ. ಅಮ್ಮನಿಗೆ ಹತ್ತು ಸಲ ಫೋಟೋ ತೆರೆದು ವಾಪಸ್ ಬಾ ಅಂದೆ. ಸ್ವೈಪಿನಲ್ಲಿ ನಾಲ್ಕು ಸಲ ತಪ್ಪಿತು, ಬಟನ್ನಿನಲ್ಲಿ ಒಂದು. ಬಟನ್ನೇ ಇಟ್ಟೆ. ನನ್ನದು ಸ್ವೈಪ್. ಈಗ ಹೊಸ ಫಜೀತಿ, ಅಮ್ಮನ ಫೋನ್ ಕೈಗೆ ತಗೊಂಡರೆ ನಾನೇ ಅಂಚಿನಿಂದ ಎಳೆಯುತ್ತಾ ಕೂರುತ್ತೇನೆ. ಚೌಕದ ಬಟನ್ ಯಾಕಿದೆ ಅಂತ ಮಾತ್ರ ಅಮ್ಮನಿಗೆ ಇನ್ನೂ ಗೊತ್ತಾಗಿಲ್ಲ.