ರೇ ಆಕೃತಿಯಲ್ಲಿ ಸೋತದ್ದು ನೆನಪೋ, ಯೋಜನೆಯೋ?

ಪ್ರಶ್ನೆ: "48 ವರ್ಷದ ಒಬ್ಬರು ರೇ ಸಂಕೀರ್ಣ ಆಕೃತಿಯನ್ನು, ಅಂದರೆ ಹಲವು ಗೆರೆ-ಆಕಾರಗಳು ಸೇರಿದ ಪರೀಕ್ಷೆಯ ಚಿತ್ರವನ್ನು, ನೋಡಿ ನಕಲು ಮಾಡಿದಾಗ 36ಕ್ಕೆ 28 ಅಂಕ ಬಂತು. 3 ನಿಮಿಷದ ಬಳಿಕ ನೆನಪಿನಿಂದ ಬಿಡಿಸಿದ್ದಕ್ಕೆ 11, 30 ನಿಮಿಷದ ಬಳಿಕ 10. ದೃಶ್ಯ ಸ್ಮರಣೆಯ ದೋಷವೆಂದು ವರದಿಯಲ್ಲಿ ಬರೆಯಬಹುದೇ?"

ತರಬೇತಿಯಲ್ಲಿರುವ ವಿದ್ಯಾರ್ಥಿ: ಬರೆಯಬಹುದು ಎನ್ನಿಸುತ್ತದೆ. ನಕಲಿನ 28ರಲ್ಲಿ ಕೊನೆಗೆ ಉಳಿದದ್ದು 10, ಅಂದರೆ ಸುಮಾರು 36 ಪ್ರತಿಶತ. ನಕಲಿನ ಕೊರತೆಯನ್ನು ಕಳೆದ ಮೇಲೂ ಮರೆವು ಹೆಚ್ಚೇ ಇದೆ.

ಹಿರಿಯ ಮನಶ್ಶಾಸ್ತ್ರಜ್ಞೆ: ನಕಲಿನೊಂದಿಗೆ ಹೋಲಿಸುವುದು ಸರಿಯೇ, ಆದರೆ ನಷ್ಟ ಯಾವ ಹಂತದಲ್ಲಾಯಿತು ಎಂಬುದನ್ನು ಆ ಪ್ರತಿಶತ ಹೇಳುವುದಿಲ್ಲ. 11 ಇದ್ದದ್ದು 10 ಆಗಿದೆ. ಮೂರು ನಿಮಿಷದ ಹೊತ್ತಿಗೆ ಕೈಯಲ್ಲಿದ್ದದ್ದು ಅರ್ಧ ಗಂಟೆಯವರೆಗೂ ಉಳಿದಿದೆ. ಹಾಗಾಗಿ ಮೊದಲು ನೋಡಬೇಕಾದದ್ದು ಅವರು ನಕಲನ್ನು ಯಾವ ಕ್ರಮದಲ್ಲಿ ಬಿಡಿಸಿದರು ಎಂಬುದನ್ನು.

ನಾನು ಪರೀಕ್ಷಿಸಿದ ಒಬ್ಬರು ಎಡಗಡೆಯ ಪುಟ್ಟ ಶಿಲುಬೆಯಿಂದ ಆರಂಭಿಸಿ, ಒಂದು ತುಣುಕಿನ ಪಕ್ಕಕ್ಕೆ ಇನ್ನೊಂದನ್ನು ಜೋಡಿಸುತ್ತ ಹೋದರು. ದೊಡ್ಡ ಆಯತವನ್ನು ಒಂದೇ ಆಕಾರವಾಗಿ ಅವರು ಎಳೆಯಲೇ ಇಲ್ಲ. ಅದು ನಾಲ್ಕು ಕಡೆಯ ಚೂರುಗಳಿಂದ ತಾನಾಗಿ ಮೂಡಿತು. ಎಲ್ಲ ಭಾಗಗಳೂ ಇದ್ದುದರಿಂದ ನಕಲಿಗೆ 29 ಸಿಕ್ಕಿತು, ಆದರೆ ನೆನಪಿನಿಂದ ಬಿಡಿಸುವಾಗ ಆ ತುಣುಕುಗಳನ್ನು ಹಿಡಿದಿಡುವ ಚೌಕಟ್ಟೇ ಅವರಲ್ಲಿರಲಿಲ್ಲ. ಸೋತದ್ದು ಬಿಡಿಸುವ ಯೋಜನೆ. ತೋರಿಸಿದ ತುಣುಕುಗಳಲ್ಲಿ ಆಕೃತಿಯಲ್ಲಿದ್ದವು ಯಾವುವೆಂದು ಗುರುತಿಸುವ ಭಾಗದಲ್ಲಿ ಮಾತ್ರ ಹೆಚ್ಚಿನವನ್ನು ಸರಿಯಾಗಿ ಆರಿಸಿದರು. ಬೇರೊಂದು ದಿನ ರೇ ಆಕೃತಿಗೆ ಬದಲಿಯಾದ ಮಾರ್ಪಡಿಸಿದ ಟೇಲರ್ ಆಕೃತಿಯನ್ನು ಮೊದಲು ಹೊರಗಿನ ದೊಡ್ಡ ಆಕಾರ, ನಂತರ ಮುಖ್ಯ ಗೆರೆಗಳು, ಕೊನೆಗೆ ವಿವರಗಳು ಎಂದು ಹಂತಹಂತವಾಗಿ ಬಿಡಿಸಲು ಹೇಳಿದಾಗ, ಅವರ ಸ್ಮರಣೆಯ ಅಂಕ ಗಣನೀಯವಾಗಿ ಏರಿತು. ರೇ ಆಕೃತಿಯನ್ನೇ ಮತ್ತೆ ಕೊಟ್ಟಿದ್ದರೆ ಆ ಏರಿಕೆ ಅಭ್ಯಾಸದ್ದೋ ಚೌಕಟ್ಟಿನದ್ದೋ ತಿಳಿಯುತ್ತಿರಲಿಲ್ಲ.

ಇನ್ನೊಬ್ಬರು ಆಯತ, ಕರ್ಣಗಳು, ಮಧ್ಯರೇಖೆಗಳು ಎಂಬ ಕ್ರಮದಲ್ಲೇ ಬಿಡಿಸಿ 33 ಪಡೆದರು. ಮೂರು ನಿಮಿಷದ ಬಳಿಕ ನೆನಪಿನಿಂದ 15, ಅರ್ಧ ಗಂಟೆಗೆ 5. ಗುರುತಿಸುವಿಕೆಯೂ ಊಹೆಯ ಮಟ್ಟದಲ್ಲಿತ್ತು. ಸ್ಮರಣೆಯ ದೋಷವೆಂದು ನಾನು ಬರೆದದ್ದು ಇವರ ವರದಿಯಲ್ಲಿ.

ಒಬ್ಬ ತಾಯಿ: ನನ್ನ ಒಂಬತ್ತು ವರ್ಷದ ಮಗ ಕಪ್ಪುಹಲಗೆಯಿಂದ ಬರೆದುಕೊಳ್ಳುವಾಗ ಸಾಲುಗಳನ್ನೇ ಬಿಡುತ್ತಾನೆ. ಅವನಿಗೂ ಯೋಜನೆಯ ತೊಂದರೆ ಇರಬಹುದೇ?

ವೃತ್ತಿಚಿಕಿತ್ಸಕ: ಅಮ್ಮಾ, ಅದಕ್ಕೆ ಮೊದಲು ಕಣ್ಣಿನ ಪರೀಕ್ಷೆಯಾಗಲಿ, ಈ ಆಕೃತಿಯಿಂದ ಅದನ್ನು ಹೇಳಲಾಗದು. ಪ್ರಶ್ನೆ ಕೇಳಿದವರೂ ನಕಲಿನಲ್ಲಿ ಕಳೆದ 8 ಅಂಕಗಳು ಎಲ್ಲಿ ಹೋದವೆಂದು ನೋಡಲಿ. ಅವೆಲ್ಲ ಎಡಬದಿಯಲ್ಲೇ ಇದ್ದರೆ ಅದು ಆ ಬದಿಯತ್ತ ಗಮನ ಹೋಗದ ತೊಂದರೆಯಾಗಿರಬಹುದು. ಆಗ ಯೋಜನೆ, ನೆನಪು ಎರಡನ್ನೂ ದೂರುವಂತಿಲ್ಲ.

ಪ್ರಶ್ನೆ ಕೇಳಿದವರು: ಬಿಟ್ಟುಹೋದವು ಎರಡೂ ಬದಿಯಲ್ಲಿವೆ. ಆದರೆ ನಾನು ಒಂದೇ ಪೆನ್ಸಿಲ್ ಕೊಟ್ಟಿದ್ದೆ, ಗೆರೆಗಳ ಕ್ರಮವನ್ನು ಬರೆದಿಟ್ಟಿಲ್ಲ, ಗುರುತಿಸುವ ಭಾಗವನ್ನೂ ಮಾಡಿಸಲಿಲ್ಲ.

ಹಿರಿಯ ಮನಶ್ಶಾಸ್ತ್ರಜ್ಞೆ: ಹಾಗಾದರೆ ವರದಿಯಲ್ಲಿ "ಗ್ರಹಿಸಿದ್ದು ಕಡಿಮೆ, ಗ್ರಹಿಸಿದ್ದು ಉಳಿದಿದೆ" ಎಂಬಲ್ಲಿಗೆ ನಿಲ್ಲಿಸಿ. ಮುಂದಿನ ಭೇಟಿಯಲ್ಲಿ ಬದಲಿ ಆಕೃತಿ ಕೊಟ್ಟು, ಗೆರೆಗಳ ಕ್ರಮ ತಿಳಿಯುವಂತೆ, ಬಿಡಿಸುತ್ತ ಹೋದಂತೆ ಬಣ್ಣದ ಪೆನ್ಸಿಲ್ ಬದಲಿಸಿ. ಯೋಜನೆ, ನೆನಪು ಎರಡರ ತೊಂದರೆಯೂ ಒಟ್ಟಿಗಿದ್ದರೆ ಅದರಿಂದಲೂ ಪೂರ್ತಿ ಬೇರ್ಪಡಿಸಲಾಗದು. ಆಗ ಕೈಯಿಂದ ಬಿಡಿಸಬೇಕಿಲ್ಲದ ಬೇರೊಂದು ದೃಶ್ಯ ಸ್ಮರಣೆಯ ಪರೀಕ್ಷೆ ಬೇಕಾಗುತ್ತದೆ.