ಗೇಟ್ ಕ್ಯಾಮೆರಾದಲ್ಲಿ ಓಡುವ ಗಾಡಿಯ ನಂಬರ್ ಕಾಣಬೇಕಾದರೆ ಶಟರ್ ಎಷ್ಟಿರಬೇಕು?

ಮೂರನೇ ಮಹಡಿ: ನಮ್ಮ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಗಾಡಿ ನಿಂತಿದ್ದರೆ ನಂಬರ್ ಓದಬಹುದು, ಓಡುತ್ತಿದ್ದರೆ ಕಲಸಿಹೋಗುತ್ತದೆ, ರಾತ್ರಿ ಬರೀ ಬಿಳಿ ಪಟ್ಟಿ. 4 ಎಂಪಿ ಕ್ಯಾಮೆರಾ, 2.8 ಎಂಎಂ ಲೆನ್ಸ್, 12 ಅಡಿ ಕಂಬದ ಮೇಲಿದೆ. ಶಟರ್ ಎಷ್ಟಿಡಲಿ, ಎಲ್ಲಿ ಕೂರಿಸಲಿ?

ಹಳೇ ಲೆನ್ಸ್: 4 ಎಂಪಿ ಎಲ್ಲಿ ಸಾಲುತ್ತದೆ ಸಾರ್, 8 ಎಂಪಿ ಹಾಕಿಸಿ. ಆಮೇಲೆ ಜೂಮ್ ಮಾಡಿ ನೋಡಿದರೆ ಆಯ್ತು.

ವೈರ್‌ಮನ್: ಕಲಸಿದ ಅಕ್ಷರ 8 ಎಂಪಿಯಲ್ಲೂ ಕಲಸಿಯೇ ಇರುತ್ತದೆ, ಸ್ವಲ್ಪ ದೊಡ್ಡದಾಗಿ ಅಷ್ಟೇ. ಗಂಟೆಗೆ 20 ಕಿ.ಮೀ. ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಶಟರನ್ನು ಆಟೋದಲ್ಲಿ ಬಿಟ್ಟರೆ ರಾತ್ರಿ 1/25 ಸೆಕೆಂಡಿಗೆ ಇಳಿದುಬಿಡುತ್ತದೆ, ಆ ಹೊತ್ತಿಗೆ ಗಾಡಿ 22 ಸೆಂ.ಮೀ. ಮುಂದೆ ಹೋಗಿರುತ್ತದೆ. ಕಾರಿನ ಪ್ಲೇಟಿನಲ್ಲಿ ಅಕ್ಷರದ ಗೆರೆ ಇರುವುದೇ 1 ಸೆಂ.ಮೀ. ದಪ್ಪ! 1/500 ಇಟ್ಟರೆ ಗಾಡಿ ಜರುಗುವುದು 1.1 ಸೆಂ.ಮೀ. ಮಾತ್ರ, ಅದೂ ಕ್ಯಾಮೆರಾದ ಎದುರಿಗೇ ಬರುತ್ತಿದ್ದರೆ ಚಿತ್ರದಲ್ಲಿ ಇನ್ನೂ ಕಡಿಮೆ. ಹಾಗಾಗಿ ಗೇಟಿಗೆ 1/500ರಿಂದ ಶುರು ಮಾಡಿ, ರಸ್ತೆಯ ವೇಗವಿದ್ದರೆ 1/1000.

ಬಿಳಿ ಪಟ್ಟಿಯ ಕಥೆ ಬೇರೆ. ಪ್ಲೇಟಿನ ಹೊಳೆಯುವ ಹಾಳೆ ಕ್ಯಾಮೆರಾದ ಐಆರ್ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಶಟರ್ 1/500ಕ್ಕೇ ಗಟ್ಟಿ ಮಾಡಿ, ಚಿತ್ರವನ್ನು ಬೆಳಗಿಸುವ ಗೇನ್ ಇಳಿಸಿ, ಬೆಳಕು-ಕತ್ತಲು ಸರಿದೂಗಿಸುವ ಡಬ್ಲ್ಯುಡಿಆರ್ ಆಫ್ ಮಾಡಿ. ಆಗ ಪರದೆಯೆಲ್ಲ ಕತ್ತಲು, ಪ್ಲೇಟ್ ಮಾತ್ರ ಕಾಣುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು. ಮುಖ ನೋಡೋಕೆ ಇನ್ನೊಂದು ಕ್ಯಾಮೆರಾ ಬೇಕೇ ಬೇಕು.

ತೋಟದ ಮನೆ: ನಮ್ಮ ತೋಟದ ಗೇಟಿನಲ್ಲಿ ಟ್ರಾಕ್ಟರ್ ಪ್ಲೇಟಿನ ಮೇಲೆ ಕೆಸರು ಮೆತ್ತಿರುತ್ತದೆ. ಅದಕ್ಕೆ ಯಾವ ಶಟರ್?

ವೈರ್‌ಮನ್: ಅದಕ್ಕೆ ಒಂದು ಬಕೆಟ್ ನೀರು ಸಾಕು 😄

ಮೂರನೇ ಮಹಡಿಯವರೇ, ಕೋನ ಹೇಳೋದು ಮರೆತೆ. 12 ಅಡಿ ಎತ್ತರದಿಂದ ನಾಲ್ಕು ಮೀಟರ್ ದೂರದ ಪ್ಲೇಟ್ ನೋಡಿದರೆ ಸುಮಾರು 37 ಡಿಗ್ರಿ ಇಳಿಜಾರು, ಅಕ್ಷರ ಕುಳ್ಳಗಾಗುತ್ತದೆ. 30 ಡಿಗ್ರಿ ದಾಟಿಸಬೇಡಿ, ಪಕ್ಕಕ್ಕೂ ಅಷ್ಟೇ. ಆರೂವರೆ ಅಡಿಗೆ ಇಳಿಸಿ, ಗಾಡಿ ನಿಧಾನವಾಗುವ ಹಂಪ್‌ನಿಂದ ಆರು ಮೀಟರ್ ದೂರ ಇಟ್ಟರೆ 13 ಡಿಗ್ರಿಗೆ ಬರುತ್ತದೆ. 2.8 ಲೆನ್ಸ್ ಬೀದಿಯನ್ನೆಲ್ಲ ತೋರಿಸುತ್ತದೆ, ಪ್ಲೇಟ್ ಸಣ್ಣದಾಗುತ್ತದೆ. 12 ಎಂಎಂ ಹಾಕಿ.

ಹಳೇ ಲೆನ್ಸ್: ಹಾಗಾದ್ರೆ 1/10000 ಇಟ್ಟರೆ ಇನ್ನೂ ಚೆನ್ನಾಗಿರುತ್ತಲ್ವಾ?

ವೈರ್‌ಮನ್: ರಾತ್ರಿ ಪ್ಲೇಟೂ ಕಾಣಲ್ಲ ಸ್ವಾಮಿ.

ಮೂರನೇ ಮಹಡಿ: ಲೆನ್ಸ್ ಇನ್ನೂ ಬಂದಿಲ್ಲ. ಕ್ಯಾಮೆರಾ ಇಳಿಸಿ 1/500 ಇಟ್ಟು ನಿನ್ನೆ ರಾತ್ರಿ ನನ್ನದೇ ಕಾರನ್ನು ನಾಲ್ಕು ಸಲ ಒಳಗೆ ಹೊರಗೆ ಓಡಿಸಿದೆ, ವಾಚ್‌ಮನ್ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದ. ನಾಲ್ಕು ಸಲವೂ ನಂಬರ್ ಓದೋಕಾಯ್ತು. ಸ್ಕೂಟರಿನ ಹಿಂದಿನ ಪ್ಲೇಟ್ ಮಾತ್ರ ಇನ್ನೂ ಅರ್ಧಂಬರ್ಧ.

ವೈರ್‌ಮನ್: ಅದರ ಗೆರೆ ಇನ್ನೂ ತೆಳು, 7 ಮಿ.ಮೀ. 1/750 ಇದ್ದರೆ ಹಾಕಿ ನೋಡಿ, ಲೆನ್ಸ್ ಬಂದ ಮೇಲೆ.