ಸಹಾಯ ಬೇಕು: ಕೊಲೆಗಾರನಿಂದ ಹಿಂದಕ್ಕೆ ಹೆಣೆದ ಪತ್ತೇದಾರಿ ಕಾದಂಬರಿ, ಒಂದು ಸುಳಿವು ಎಲ್ಲಿಡಲಿ?

ನಮಸ್ಕಾರ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಕಥೆ. ಕೊಲೆಗಾರ ತೋಟದ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳೋನು. ಅವನು ಆ ರಾತ್ರಿ ನಿಜವಾಗಿ ಏನು ಮಾಡಿದ ಅನ್ನೋದನ್ನು ಮೊದಲು ಗಂಟೆ ಗಂಟೆಗೂ ಬರೆದಿಟ್ಟುಕೊಂಡೆ. ಆಮೇಲೆ, ಅವನ ಯಾವ ಸುಳ್ಳು ಎಲ್ಲಿ ಗುರುತು ಬಿಡುತ್ತೆ ಅಂತ ಹಿಂದಕ್ಕೆ ಹುಡುಕುತ್ತಾ ಬಂದೆ.

ಸಾಹುಕಾರರ ಕೊಲೆ ಆಗೋದು ಪೇಟೆ ಮನೆಯಲ್ಲಿ, ಮಾರ್ಚ್ ತಿಂಗಳಲ್ಲಿ. ರೈಟರ್ ಹೇಳೋದು, "ಮೇಲಿನ ತೋಟದ ಗೋಡೌನ್‌ನಲ್ಲಿ ಒಬ್ಬನೇ ಮಲಗಿದ್ದೆ, ರಾತ್ರಿ ಒಂದು ಹನಿಯೂ ಬೀಳಲಿಲ್ಲ." ಆದರೆ ಆ ರಾತ್ರಿ ಅಲ್ಲಿ ಮಾತ್ರ ಕಾಫಿ ಹೂ ಅರಳಿಸೋ ಒಳ್ಳೆ ಹೂಮಳೆ ಆಗಿತ್ತು. ಒಂಬತ್ತು ದಿನಕ್ಕೆ ಆ ಗುಡ್ಡವಷ್ಟೇ ಬೆಳ್ಳಗೆ ಅರಳುತ್ತೆ. ಹೂ ಅರಳಿಸಿದ್ದು ಸ್ಪ್ರಿಂಕ್ಲರ್ ಅಲ್ಲ, ಮಳೆಯೇ; ಅಲ್ಲಿಗೆ ಸ್ಪ್ರಿಂಕ್ಲರ್ ನೀರು ಹೋಗಲ್ಲ ಅನ್ನೋದನ್ನು 2ನೇ ಅಧ್ಯಾಯದಲ್ಲೇ, ಕೂಲಿಯವರ ಜಗಳದ ನಡುವೆ ಹೇಳಿಬಿಟ್ಟಿದ್ದೇನೆ.

ದಾರಿ ತಪ್ಪಿಸೋಕೆ ಸಾಹುಕಾರರ ತಂಗಿ ಮಗ ಇದ್ದಾನೆ. ಆ ರಾತ್ರಿ ಎಲ್ಲಿದ್ದ ಅಂತ ಅವನೂ ಸುಳ್ಳು ಹೇಳ್ತಾನೆ. ನಿಜಕ್ಕೂ ಅವನು ಕದ್ದು ಕಾಫಿ ಮೂಟೆ ಸಾಗಿಸುತ್ತಿದ್ದ. ಅವನ ಸುಳ್ಳಿಗೆ ಅವನದೇ ಕಾರಣ ಇರಲೇಬೇಕು, ಇಲ್ಲದಿದ್ದರೆ ಓದುಗರಿಗೆ ಮೋಸ ಮಾಡಿದಂತೆ ಅಲ್ವಾ?

ತೊಡಕು ಇರೋದು ಇಲ್ಲಿ. ಮಳೆಯಾಗಿ ಎಂಟು-ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತೆ ಅಂತ ಮಲೆನಾಡಿನವರಿಗೆ ಗೊತ್ತು. ಅವರು ಹೂ ಕಂಡ ಕೂಡಲೇ ರೈಟರ್‌ನನ್ನು ಹಿಡಿದುಬಿಡ್ತಾರೆ. ಬಯಲುಸೀಮೆಯವರಿಗೆ ಇದು ಗೊತ್ತಿರಲ್ಲ. ಕೊನೆಯಲ್ಲಿ ಹೇಳಿದರೆ ಅವರಿಗೆ ಅನ್ಯಾಯ. ಈ ವಿಷಯವನ್ನು ಕೊಲೆಗೂ ಮುಂಚೆ ಸುಮ್ನೆ ಮಾತಿನ ಮಧ್ಯೆ ತರಲಾ? ಅಥವಾ ಹೂ ಅರಳೋ ದಿನವೇ ತಂಗಿ ಮಗ ಸಿಕ್ಕಿಬೀಳುವ ಹಾಗೆ ಮಾಡಿ ಓದುಗರ ಗಮನ ಅತ್ತ ಎಳೆಯಲಾ? ಪತ್ತೇದಾರಿ ಬರೆದವರು, ತೋಟದವರು ಇಬ್ಬರೂ ದಯವಿಟ್ಟು ಹೇಳಿ.